ಹದಿನೆಂಟು ಎಕರೆಯ ಟ್ರ್ಯಾಕ್ಟರ್

ಬೈಲಹೊಂಗಲದಲ್ಲಿ ನಮ್ಮ ಮನೆಯ ಮುಂಭಾಗವೆಲ್ಲ ಕಬ್ಬಿಣ. ನನ್ನ ಗಂಡ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸಾಮಾನು ಮಾಡುತ್ತಿದ್ದರು: ಕಲ್ಟಿವೇಟರ್, ಕುಂಟೆ, ಕೂರಿಗೆ, ಟ್ರೇಲರ್. ಮದುವೆಯಾಗಿ ಬಂದ ಹೊಸದರಲ್ಲಿ ವೆಲ್ಡಿಂಗಿನ ಬೆಳಕಿಗೆ ಕಣ್ಣು ಉರಿಯುತ್ತಿತ್ತು, ಕಬ್ಬಿಣ ಕೊಯ್ಯುವ ಸದ್ದಿಗೆ ತಲೆ ಸಿಡಿಯುತ್ತಿತ್ತು. ಆಮೇಲಾಮೇಲೆ ಆ ಸದ್ದು ನಿಂತರೇ ನನಗೆ ಗಾಬರಿಯಾಗತೊಡಗಿತು. ಕರೆಂಟು ಹೋಯಿತೋ, ಇವರಿಗೇನಾದರೂ ಆಯಿತೋ ಎಂದು ಒಳಗಿಂದ ಓಡಿ ಬರುತ್ತಿದ್ದೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಎತ್ತುಗಳು ಕಡಿಮೆಯಾಗಿ ಮನೆಮನೆಗೂ ಟ್ರ್ಯಾಕ್ಟರಿನ ಮಾತು ಶುರುವಾಗಿತ್ತು. ಕೊಳ್ಳುವ ಮುಂಚೆ ಜನ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಇವರು ಟ್ರ್ಯಾಕ್ಟರ್ ಮಾರುವವರಲ್ಲವಲ್ಲ, ಹಾಗಾಗಿ ಇದ್ದದ್ದು ಇದ್ದಂಗೆ ಹೇಳುತ್ತಾರೆ ಎಂಬ ನಂಬಿಕೆ. ಬಂದವರು ಮೊದಲು ಕೇಳುವುದು, "ಎಷ್ಟ ಎಚ್‌ಪಿದು ತಗೊಳ್ಳೂಣ್ರಿ?" ಇವರು ಅದಕ್ಕೆ ಉತ್ತರ ಕೊಡುವವರೇ ಅಲ್ಲ. "ಅದು ಕಡೀಕ. ಮೊದಲ ಭೂಮಿ ಎಷ್ಟೈತಿ ಹೇಳ್ರಿ. ಕರಿ ಎರಿನೋ ಕೆಂಪ ಮಸಾರಿನೋ? ಏನೇನ್ ಬೆಳೀತೀರಿ? ಹಿಂದ ಏನ್ ಕಟ್ಟಾವ್ರು ಅದೀರಿ?" ಇಷ್ಟು ಕೇಳುವಷ್ಟರಲ್ಲಿ ಒಳಗಿಂದ ನನ್ನ ಚಹಾ ಬಂದಿರುತ್ತಿತ್ತು.

ಚಹಾ ಕೊಡುತ್ತ, ಕಪ್ಪು ತೊಳೆಯುತ್ತ ನಾನೂ ಕಲಿತೆ. ಕಿತ್ತೂರ ಕಡೆಯ ಭತ್ತದ ಗದ್ದೆಗೆ ಹಗುರ ಗಾಡಿ ಬೇಕು, ಭಾರದ್ದಾದರೆ ರಾಡಿಯಲ್ಲಿ ಹೂತು ಕೂರುತ್ತದೆ. ಕಟಕೋಳದ ಕಡೆ ಕಲ್ಲು ಬೆರೆತ ಹಗುರ ನೆಲ ಇದ್ದವರು ಮೇಲೆ ಮೇಲೆ ಹರಗುವುದಾದರೆ ಮೂವತ್ತರ ಆಸುಪಾಸು ಸಾಕು. ಸವದತ್ತಿಯ ಕರಿ ಎರೆಯನ್ನು ಎರಡು ಕುಳದ ನೇಗಿಲಿನಿಂದ ಆಳಕ್ಕೆ ಮಗುಚುತ್ತೇನೆ ಎನ್ನುವವನು ನಲವತ್ತರ ಕೆಳಗೆ ಯೋಚನೆಯನ್ನೇ ಮಾಡಬಾರದು. ಕಸುವಿಲ್ಲದ್ದಕ್ಕೆ ದೊಡ್ಡ ನೇಗಿಲು ಕಟ್ಟಿದರೆ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತವೆ, ಮುಂದಿನವು ನೆಲ ಬಿಟ್ಟು ಏಳುತ್ತವೆ. ಹಾಗಂತ ಸಣ್ಣ ಹೊಲಕ್ಕೆ ದೊಡ್ಡದು ತಂದರೆ ಡೀಸೆಲ್ ಕುಡಿಯುತ್ತದೆ, ಬದುವಿನಲ್ಲಿ ಹೊರಳಲು ಜಾಗ ಸಾಲದು, ಹಸಿ ಎರೆಯಲ್ಲಿ ಓಡಾಡಿ ಮಣ್ಣನ್ನು ಒಳಗಿಂದೊಳಗೆ ಗಟ್ಟಿ ಮಾಡುತ್ತದೆ. ಬಾನೆಟ್ಟಿನ ಮೇಲೆ ಬರೆದಿರುವುದು ಎಂಜಿನ್ನಿನ ಕಸುವು, ಹಿಂದೆ ಕಟ್ಟಿದ ಸಾಮಾನಿಗೆ ಅಷ್ಟೂ ಬಂದು ಮುಟ್ಟುವುದಿಲ್ಲ ಎಂಬುದನ್ನು ಇವರು ದಿನಾ ಯಾರಿಗಾದರೂ ಹೇಳುತ್ತಲೇ ಇರುತ್ತಿದ್ದರು.

ನೇಸರಗಿಯ ಕಡೆಯವರೊಬ್ಬರು ನಾಲ್ಕು ಎಕರೆಗೆ ಐವತ್ತು ಎಚ್‌ಪಿ ಬೇಕೆಂದು ಹಟ ಹಿಡಿದು ಕೂತಿದ್ದರು. ಬೀಗರ ಮನೆಯಲ್ಲಿ ಅಂಥದ್ದೇ ಇತ್ತಂತೆ. ಅವರು ಎದ್ದು ಹೋದ ಮೇಲೆ ನಾನು, "ಇನ್ನ ಮ್ಯಾಲ ಮೀಸಿ ಎಷ್ಟ ಎಕರೆ ಐತಿ ಅಂತನೂ ಕೇಳ್ರಿ" ಅಂದೆ. ಇವರು ಕನ್ನಡಕ ತೆಗೆದು ನಕ್ಕರು. ನನ್ನ ಬಾಯಿ ಯಾವತ್ತೂ ಹಾಗೇ, ಒಳಗೆ ಇಟ್ಟುಕೊಳ್ಳುವುದು ಅದಕ್ಕೆ ಗೊತ್ತಿಲ್ಲ.

ಹೀಗೆ ಊರವರ ಭೂಮಿಯ ಲೆಕ್ಕ ಕೇಳುತ್ತ ನಕ್ಕುಕೊಂಡಿದ್ದವಳಿಗೆ ಒಂದು ದಿನ ನನ್ನ ತವರಿನ ಸರದಿಯೂ ಬಂತು.

ನನ್ನ ತವರು ಸಂಪಗಾಂವದ ಹತ್ತಿರ. ಹದಿನೆಂಟು ಎಕರೆ. ಅಪ್ಪ ಅವ್ವ ಹೋದ ಮೇಲೆ ಅಣ್ಣನೇ ಮನೆಯ ಯಜಮಾನ. ಅಣ್ಣನಿಗೂ ನನ್ನ ತಮ್ಮನಿಗೂ ನಡುವೆ ನಾನು. ಇಬ್ಬರೂ ಹೆಂಡಿರು ಮಕ್ಕಳೊಂದಿಗೆ ಒಂದೇ ಮನೆಯಲ್ಲಿದ್ದರು, ಒಂದೇ ಒಲೆ. ನಾಗರ ಪಂಚಮಿಗೆ ನಾನು ಹೋದರೆ ಅಣ್ಣನ ಹೆಂಡತಿ ವೈನಿ ಬುಟ್ಟಿ ತುಂಬ ರೊಟ್ಟಿ ಬಡಿದು, ನಡುಮನೆಯಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಿದ್ದಳು. ಓಣಿಯ ಎಷ್ಟೋ ಮನೆಗಳಲ್ಲಿ ನಡುವೆ ಗೋಡೆ ಎದ್ದಿತ್ತು. ನಮ್ಮಲ್ಲಿ ಎದ್ದಿಲ್ಲ ಎಂದು ನನಗೆ ಒಳಗೊಳಗೇ ಸೊಕ್ಕಿತ್ತು. ಗಂಡನ ಮನೆಯಲ್ಲಿ ಯಾರಾದರೂ ತವರಿನ ಮಾತೆತ್ತಿದರೆ ನಾನು ಮೊದಲು ಹೇಳುತ್ತಿದ್ದದ್ದೇ ಆ ಒಂದು ಒಲೆಯ ಸುದ್ದಿ.

ನಮ್ಮ ಮನೆಯ ರೀತಿ ಹೀಗಿತ್ತು: ವ್ಯವಹಾರದ ಜಾಗದಲ್ಲಿ ಹಿರಿಯ ಮಾತಾಡಬೇಕು, ಕಿರಿಯ ಪಕ್ಕದಲ್ಲಿ ಕೂರಬೇಕು. ಅಪ್ಪ ಮತ್ತು ಕಾಕಾ ಹಾಗೇ ಇದ್ದರು. ಯುಗಾದಿ ಮುಗಿದ ಮೇಲೆ ಒಂದು ದಿನ ಯಜಮಾನ ಪಡಸಾಲೆಯಲ್ಲಿ ಕೂತು ಯಾವ ಹೊಲಕ್ಕೆ ಏನು ಎಂದು ಹೇಳುತ್ತಾನೆ. ಕಾಲುವೆ ಮಗ್ಗುಲಿಗೆ ಕಬ್ಬು, ಎರೆಗೆ ಹಿಂಗಾರಿಯಲ್ಲಿ ಜೋಳ, ಕಡಲೆ, ಹಳ್ಳದ ಮೇಲಿನ ಮಸಾರಿಗೆ ಸೋಯಾ. ಉಳಿದವರು ಹೂಂ ಎನ್ನುತ್ತಾರೆ. ಆ ಹೂಂ ಹಿಂದೆ ಏನಿರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಆ ವರ್ಷ ಕಡಲೆ ಕಿತ್ತ ಮೇಲೆ ಇಬ್ಬರೂ ನಮ್ಮ ಮನೆಗೆ ಬಂದರು. ಅಣ್ಣ ಹೊಸ ರುಮಾಲು ಸುತ್ತಿದ್ದ. ಕೂತವನೇ ಇವರಿಗೆ ಎಲ್ಲವನ್ನೂ ಒಪ್ಪಿಸಿದ, ಕೇಳುವ ಮೊದಲೇ.

"ಹದಿನೆಂಟ ಎಕರೆ. ಹೆಚ್ಚಿಂದು ಎರಿ. ಕರಕಿ ಹುಲ್ಲ ಬಾಳ ಹಬ್ಬೇತಿ, ಆಳಕ್ಕ ಹೊಡದ ಬೇರ ಮ್ಯಾಲ ಹಾಕದಿದ್ರ ಸಾಯೂದಿಲ್ಲ. ಎರಡ ಕುಳದ ನೇಗಿಲ ಬೇಕು. ಹರಗಾಕ ಒಂಬತ್ತ ಹಲ್ಲಿನ ಕಲ್ಟಿವೇಟರ್. ಕಬ್ಬಿನ ಟ್ರೇಲರ್ ಒಂದ ಬ್ಯಾರೆ. ನಲವತ್ತೈದರದ ತಗೋಬೇಕಂತ ಮಾಡೇನಿ. ನೀವೇನಂತೀರಿ?"

ಇವರು ಸ್ವಲ್ಪ ಹೊತ್ತು ಯೋಚಿಸಿದರು. "ಹದಿನೆಂಟ ಎಕರೆ ಅಷ್ಟ ನೋಡಿದ್ರ ಮೂವತ್ತೈದನೂ ನಡೀತೈತಿ. ಆದ್ರ ಎರಿ, ಕರಕಿ, ಎರಡ ಕುಳ, ಮ್ಯಾಲ ಕಬ್ಬಿನ ಲೋಡು ಅಂದ್ರ ನಿಮ್ಮ ಲೆಕ್ಕ ಬರೋಬರಿ ಐತಿ. ನಲವತ್ತೈದ ತಗೊಳ್ರಿ."

ಅಣ್ಣ ನನ್ನ ಕಡೆ ನೋಡಿದ, ನಾನು ನಕ್ಕೆ. ನನ್ನ ತಮ್ಮ ಕಟ್ಟೆಯ ತುದಿಯಲ್ಲಿ ಕೂತು ಒಂದು ಹಳೆಯ ಕಲ್ಟಿವೇಟರಿನ ಸ್ಪ್ರಿಂಗನ್ನು ಒತ್ತಿ ಒತ್ತಿ ನೋಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಮುಂದಿನ ಸಂತೆಯ ದಿನ ತಮ್ಮ ಒಬ್ಬನೇ ಬಂದ. ಸಂತೆಗೆ ಬಂದವನು ಅಕ್ಕನ ಮನೆಗೆ ಬರುವುದರಲ್ಲಿ ವಿಶೇಷವೇನಿಲ್ಲ. ಒಳಗೆ ಬಂದು ನೀರು ಕುಡಿದು, ಹೊರಗೆ ಹೋಗಿ ಇವರ ಹತ್ತಿರ ಕೂತ. ನಾನು ಬಾಗಿಲ ಹತ್ತಿರ ಅವರೆ ಸುಲಿಯುತ್ತಿದ್ದೆ.

"ಮಾವಾರ, ನಮ್ಮ ಕಡಿಯಾವ ಒಬ್ಬಾವ ಕೇಳಾಕತ್ತಾನ. ಒಂಬತ್ತ ಎಕರೆಕ್ಕ ಎಷ್ಟ ಎಚ್‌ಪಿದು ಆದ್ರ ಸಾಕು?"

ಇವರು ಎಂದಿನ ರಾಗ ತೆಗೆದರು. ಯಾವ ಮಣ್ಣು, ಏನು ಬೆಳೆ, ಹಿಂದೆ ಏನು ಕಟ್ಟುತ್ತಾನೆ?

"ಮೆಣಸಿನಕಾಯಿ, ಹತ್ತಿ ಮಾಡ್ಬೇಕಂತಾನ. ಸಾಲಿನ ನಡಕ ಗಾಡೀಲೇನ ಎಡಿ ಹೊಡದ ಕಸಾ ತಗೀಬೇಕಂತ. ಅರ್ಧಾ ಎರಿ. ಉಳಿದದ್ದು ಹಳ್ಳದ ಮ್ಯಾಲಿನ ಮಸಾರಿ. ಅಲ್ಲೊಂದು ಬಾಂವಿ ಐತಿ, ನೀರ ಆ ಕಡಿ ಹರೀತೈತಿ. ಹುಣಸೀ ಮರದ ಕಡಿಂದ ಪೂರ್ವಕ್ಕ..."

ಇವರು ಉತ್ಸಾಹದಿಂದ ಹೇಳುತ್ತಲೇ ಹೋದರು. ಅಂಥವನಿಗೆ ಇಪ್ಪತ್ತೈದರ ಒಳಗಿನದು ಸಾಕು. ಹಗುರ ಇರುತ್ತದೆ, ಗಾಲಿಯ ಅಂತರ ಸರಿಸಿ ಸಾಲಿಗೆ ಹೊಂದಿಸಬಹುದು, ಬೆಳೆ ಮೊಣಕಾಲು ದಾಟುವತನಕ ಎಡೆ ಹೊಡೆಯಬಹುದು. ಐದು ಹಲ್ಲಿನ ಕಲ್ಟಿವೇಟರ್ ಎಳೆಯುತ್ತದೆ. ಆಳದ ಉಳುಮೆ ಮಾತ್ರ ಅದರ ಕೈಲಾಗದು, ಮೂರು ನಾಲ್ಕು ವರ್ಷಕ್ಕೊಮ್ಮೆ ದೊಡ್ಡದನ್ನು ಬಾಡಿಗೆಗೆ ಕರೆದರಾಯಿತು.

ನನ್ನ ಕೈ ಅವರೆಯಲ್ಲೇ ನಿಂತಿತ್ತು. ಆ ಬಾವಿ ನನಗೆ ಗೊತ್ತು. ಅದರಲ್ಲಿ ಈಜು ಕಲಿಯುವಾಗ ಅಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಹಿಡಿದುಕೊಂಡಿದ್ದ. ಆ ಹುಣಸೆಮರ ನಮ್ಮ ಹೊಲದ ಸರಿಯಾಗಿ ನಟ್ಟನಡುವೆ ಇದೆ. ನನ್ನ ತಮ್ಮ ಹದಿನೆಂಟು ಎಕರೆಯನ್ನು ಮನಸ್ಸಿನಲ್ಲಿ ಆಗಲೇ ಎರಡು ಮಾಡಿ, ತನ್ನ ಪಾಲಿಗೆ ಟ್ರ್ಯಾಕ್ಟರ್ ಹುಡುಕುತ್ತಿದ್ದ.

ಅವನನ್ನು ಒಳಗೆ ಕರೆದೆ. ಅಡಿಗೆಮನೆಯ ಬಾಗಿಲು ಹಾಕಿಕೊಂಡು, "ಯಾರಂವ ನಿಮ್ಮ ಕಡಿಯಾವ?" ಅಂದೆ. ಅವನು ನೆಲ ನೋಡಿದ. ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿ ಏನಾದರೂ ಹೇಳಿದಳೇ, ವೈನಿ ಊಟಕ್ಕೆ ಕಡಿಮೆ ಮಾಡಿದಳೇ, ಅಣ್ಣ ನಿನ್ನ ಮಕ್ಕಳನ್ನು ಬೇರೆ ಮಾಡಿ ನೋಡಿದನೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಎಲ್ಲದಕ್ಕೂ ಇಲ್ಲ ಇಲ್ಲ ಎಂದು ತಲೆಯಾಡಿಸಿದ. ಕೊನೆಗೆ ತಲೆ ಎತ್ತಿದ. ಕಣ್ಣು ತುಂಬಿದ್ದವು.

"ಅಕ್ಕಾ, ಅಣ್ಣ ದೇವರಂಥಾವ. ನಾ ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ತಲಿ ಬೆಳ್ಳಗ ಆಗಾಕತ್ತೇತಿ, ಇವತ್ತಿನ ತನಕ ಏನ್ ಬಿತ್ತೂಣು ಅಂತ ನನ್ನ ಯಾರೂ ಕೇಳಿಲ್ಲ. ಆ ಮಸಾರಿಗೆ ಮೆಣಸಿನಕಾಯಿ ಹಾಕಬೇಕಂತ ನನಗ ಎಷ್ಟ ವರ್ಷದಿಂದ ಆಸೆ. ನಲವತ್ತೈದರದ ಬಂದ್ರ ಅದೂ ಮುಗೀತು. ಆ ಗಾಡಿ ಮೆಣಸಿನ ಸಾಲಿನ್ಯಾಗ ಹಾಯೂದಿಲ್ಲ. ಗಾಡಿಗೆ ತಕ್ಕಂಗ ಬೆಳಿ ಹಾಕಬೇಕು, ಕಬ್ಬು, ಜೋಳ, ಕಬ್ಬು, ಜೋಳ. ಸಾಯೂತನಕ ಅದ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಇಳಿಯಬಾರದಿತ್ತು, ಸಿಟ್ಟಿದ್ದರೆ ಒಳ್ಳೆಯದಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗಾಡಿಯ ಆಯ್ಕೆ ಅಂದರೆ ಇನ್ನು ಮುಂದೆ ಹೊಲದಲ್ಲಿ ಏನು ಬೆಳೆಯುತ್ತದೆ ಎಂಬುದರ ಆಯ್ಕೆ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. ತಮ್ಮ ಅದನ್ನು ಸರಿಯಾಗಿ ತಿಳಿದುಕೊಂಡಿದ್ದ. "ಅಣ್ಣಗ ನೀನ ಹೇಳು" ಅಂದೆ. "ಹೇಳ್ತೇನಿ" ಅಂದ. ಹೇಳಲು ಅವನಿಗೆ ಬಾಯಿ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಹೋದ ಮೇಲೆ ಇವರ ಹತ್ತಿರ ಜಗಳ ತೆಗೆದೆ. ಎರಡಕ್ಕೂ ನಡುವೆ ಮೂವತ್ತೈದರದು ತಗೊಂಡರೆ ಇಬ್ಬರಿಗೂ ಆಗುವುದಿಲ್ಲವೇ? ಆಳಕ್ಕೆ ಉಳಲಿ, ಮೆಣಸಿನ ಸಾಲಿನಲ್ಲೂ ಹೋಗಲಿ, ಮನೆಯೂ ಉಳಿಯಲಿ. ಇವರು ನನ್ನನ್ನು ಕರುಣೆಯಿಂದ ನೋಡಿದರು. ಆ ನೋಟಕ್ಕೆ ಇನ್ನಷ್ಟು ಉರಿಯಿತು.

"ಮೂವತ್ತೈದು ಕೆಟ್ಟ ಗಾಡಿ ಅಲ್ಲ. ಆದ್ರ ನಿಮ್ಮ ಎರಿಯಾಗ ಎರಡ ಕುಳ ಕಟ್ಟಿದ್ರ ಏದತೈತಿ, ಒಂದ ಕುಳ ಕಟ್ಟಿದ್ರ ಕೆಲಸ ಸಾಗೂದಿಲ್ಲ. ಮೆಣಸಿನ ಸಾಲಿಗೆ ಅದೂ ಅಗಲನ, ಅದೂ ಭಾರನ. ಇಬ್ಬರಿಗೂ ಅರ್ಧಂಬರ್ಧ ಆಗಿ, ದಿನಾ ಒಬ್ಬರ ಮಾರಿ ಒಬ್ಬರು ನೋಡಿ ಬೈಕೋತಾರ. ಮನಿ ಉಳಸೂ ಕೆಲಸಾ ಗಾಡಿಗೆ ಹಚ್ಚಬ್ಯಾಡ."

ನಾನು ಅವತ್ತು ಊಟ ಮಾಡಲಿಲ್ಲ.

ಟ್ರ್ಯಾಕ್ಟರ್ ನೋಡಲು ಹೋಗುವ ದಿನ ಅಣ್ಣ ನನ್ನನ್ನೂ ಕರೆದ. ಗೊತ್ತು ಮಾಡಿದ ಕೂಡಲೇ ಗಾಡಿಗೆ ಕುಂಕುಮ ಹಚ್ಚಲು ಮನೆಮಗಳು ಬೇಕಂತೆ. ಕಾಯಿ, ಕುಂಕುಮ, ಊದಿನಕಡ್ಡಿ ಕಟ್ಟಿಕೊಂಡು ಹೋದೆ. ಅಂಗಡಿಯ ಮುಂದೆ ಹೊಸ ಗಾಡಿಗಳು ಸಾಲಾಗಿ ನಿಂತಿದ್ದವು. ಅಣ್ಣ ದೊಡ್ಡದರ ಸುತ್ತ ಒಂದು ಸುತ್ತು ಹಾಕಿ, ಅದರ ಹಿಂದಿನ ಗಾಲಿಯ ಮೇಲೆ ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿದ. ತಮ್ಮ ನನ್ನ ಮಗ್ಗುಲಲ್ಲಿ ನಿಂತಿದ್ದ. ಅವನು ಇನ್ನೂ ಹೇಳಿಲ್ಲ ಎಂದು ಅಣ್ಣನ ಮುಖದ ಗೆಲುವು ನೋಡಿದರೇ ತಿಳಿಯುತ್ತಿತ್ತು.

ಮಾರುವ ಹುಡುಗ ಕುರ್ಚಿ ಹಾಕಿಸಿ, ನಮಸ್ಕಾರ ಹೇಳಿ, ತನ್ನ ಪದ್ಧತಿಯಂತೆ ಕೇಳಿದ, "ಭೂಮಿ ಎಷ್ಟೈತ್ರೀ ಯಜಮಾನ್ರ?"

"ಹದಿನೆಂಟು," ಅಂದ ಅಣ್ಣ.

"ಒಂಬತ್ತು," ಅಂದ ತಮ್ಮ.

ಜೋರಾಗಿ ಹೇಳಲಿಲ್ಲ. ಆದರೆ ಹಿರಿಯ ಮಾತಾಡಿದ ಮೇಲೆ ಕಿರಿಯನ ದನಿಯನ್ನು ನಮ್ಮ ಮನೆಯವರು ಅವತ್ತೇ ಮೊದಲು ಕೇಳಿದ್ದು. ಹುಡುಗ ಇಬ್ಬರ ಮುಖವನ್ನೂ ನೋಡಿದ, ಏನೋ ತಮಾಷೆ ಅಂದುಕೊಂಡು ನಗಲು ಹೋದ. ಅಣ್ಣ ತಿರುಗಿ ತಮ್ಮನನ್ನು ನೋಡಿದ. ಬೈಯುತ್ತಾನೆ, ಎದ್ದು ಹೊಡೆಯುತ್ತಾನೆ ಎಂದುಕೊಂಡೆ. ಅವನು ಏನೂ ಮಾಡಲಿಲ್ಲ. ಮುಖದ ಬಣ್ಣ ಮಾತ್ರ ಹೋಯಿತು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಆ ಹುಡುಗನಿಗೇ ಹೇಳಿದ.

"ಹೌದ್ರಿ. ಒಂಬತ್ತು. ಒಂಬತ್ತ ಎಕರೆಕ್ಕ, ಮೆಣಸಿನಕಾಯಿ ಹಾಕಾವಗ ಯಾವದ ಆಕ್ಕೈತಿ, ಅದನ್ನ ತೋರಸ್ರಿ ಇವಂಗ."

ಮೆಣಸಿನಕಾಯಿಯ ಮಾತು ಅಣ್ಣನಿಗೆ ಹೇಗೆ ಗೊತ್ತು? ತಮ್ಮನೂ ಬೆಚ್ಚಿದ, ನಾನೂ ಬೆಚ್ಚಿದೆ. ಕೇಳುವಂಥ ಹೊತ್ತು ಅದಾಗಿರಲಿಲ್ಲ. ಅಣ್ಣ ಎದ್ದು ರಸ್ತೆಗೆ ಹೋಗಿ, ನಮ್ಮನ್ನು ಕಾಯದೆ ಬಸ್ಸು ಹತ್ತಿದ. ಕುಂಕುಮ ಹಾಗೆಯೇ ಗಂಟಿನಲ್ಲಿ ಮನೆಗೆ ಬಂತು.

ಪಾಲು ಸುಲಭವಾಗಿ ಆಯಿತು. ಜಗಳವಿಲ್ಲದೆ ಆದದ್ದು ಎಂದು ಊರವರು ಹೊಗಳಿದರು. ನನಗೆ ಆ ಹೊಗಳಿಕೆ ಮೈಮೇಲೆ ಖಾರ ಚೆಲ್ಲಿದ ಹಾಗಾಗುತ್ತಿತ್ತು. ಜಗಳವಾಡಿದ್ದರೆ ನಡುವೆ ಬಂದು ಬಿಡಿಸುವವರಾದರೂ ಇರುತ್ತಿದ್ದರು. ಹುಣಸೆಮರದಿಂದ ಬದು ಬಿತ್ತು, ನಡುಮನೆಯಲ್ಲಿ ಗೋಡೆ ಎದ್ದಿತು. ತಮ್ಮ ಸಣ್ಣ ಗಾಡಿ ತಂದ. ಅದಕ್ಕೆ ಬೇಕಾದ ಐದು ಹಲ್ಲಿನದನ್ನು ಇವರೇ ಮಾಡಿಕೊಟ್ಟರು. ಮಸಾರಿಯಲ್ಲಿ ಮೆಣಸಿನಕಾಯಿ ಚೆನ್ನಾಗಿ ಬಂತು, ಅಷ್ಟು ಕೆಂಪು ನಮ್ಮ ಹೊಲದಲ್ಲಿ ನಾನು ಹಿಂದೆ ಕಂಡಿರಲಿಲ್ಲ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಬದುವಿನ ಮೇಲೆ ನಿಂತು ನೋಡಿದೆ. ಅಣ್ಣ ಯಾವ ಟ್ರ್ಯಾಕ್ಟರನ್ನೂ ಕೊಳ್ಳಲಿಲ್ಲ. ಕರಕಿ ಹೊಡೆಸಲು ಬಾಡಿಗೆ ಗಾಡಿ ಕರೆಯುತ್ತಿದ್ದ.

ಮರುವರ್ಷದ ಪಂಚಮಿಗೆ ಅಣ್ಣ ನನ್ನನ್ನು ಕರೆಯಲು ಬಂದ. ಹಿಂದಿನ ದಿನವಷ್ಟೇ ತಮ್ಮನೂ ಬಂದು ಕರೆದು ಹೋಗಿದ್ದ. ಯಾರ ಒಲೆಯ ರೊಟ್ಟಿ ಮೊದಲು ಉಣ್ಣಲಿ ಎಂದು ನಾನು ಯೋಚಿಸುತ್ತ ಕೂತಿದ್ದೆ. ಇವರು ಮನೆಯಲ್ಲಿರಲಿಲ್ಲ. ಅಣ್ಣ ಕಟ್ಟೆಯ ಮೇಲೆ ಕೂತು, ಚಹಾ ಬೇಡವೆಂದ. ನನಗೆ ಅಷ್ಟು ದಿನದಿಂದ ಕೊರೆಯುತ್ತಿದ್ದದ್ದನ್ನು ಕೇಳಿಬಿಟ್ಟೆ.

"ಅಂವ ಬ್ಯಾರೆ ಆಗಾಂವ ಅಂತ ನಿನಗ ಮೊದಲ ಗೊತ್ತಿತ್ತೇನ ಅಣ್ಣಾ?"

"ಗೊತ್ತಿತ್ತವಾ," ಅಂದ. "ಪ್ರತಿ ವರ್ಷಾ ಆ ಮಸಾರಿಯಾಗ ಒಂದ ಮೂಲ್ಯಾಗ ನಾಕ ಮೆಣಸಿನ ಅಗಿ ಹಚ್ಚಿ, ಯಾರಿಗೂ ಹೇಳದ ನೀರ ಹಾಕ್ತಿದ್ದ. ನಾ ಏನ ಕುರುಡ ಅದೇನಿ? ಮನಸ್ಸ ಬ್ಯಾರೆ ಆಗೇತಿ ಅಂತ ತಿಳೀತು. ಅದಕ್ಕ ನಲವತ್ತೈದರದು ಅಂದ್ನಿ."

"ಅಂದ್ರ?" ಅಂದೆ.

"ಮೂವತ್ತೈದರಾಗ ನಮ್ಮ ಬಾಳೇ ನಡೀತಿತ್ತು, ನಿಮ್ಮ ಮನಿಯಾವ್ರೂ ಅಂದ್ರಲ್ಲ. ಆದ್ರ ದೊಡ್ಡದ ತಂದ್ರ ಅದು ಒಂಬತ್ತ ಎಕರೆಕ್ಕ ಯಾರಿಗೂ ಬರೋಬರಿ ಆಗೂದಿಲ್ಲ. ಅಂವಗೂ ಆಗೂದಿಲ್ಲ, ನನಗೂ ಆಗೂದಿಲ್ಲ. ಗಾಡಿ ಕಡದ ಎರಡ ಮಾಡಾಕ ಬರೂದಿಲ್ಲ. ಅದನ್ನ ದುಡಸಾಕರ ಹದಿನೆಂಟೂ ಎಕರೆ ಕೂಡೇ ಇರಬೇಕಾಕ್ಕೈತಿ. ಹಂಗರ ಮನಿ ಒಂದ ಉಳೀತೈತಿ ಅಂತ ತಿಳಕೊಂಡಿದ್ನಿ."

ಹೊಲಕ್ಕೆ ತಕ್ಕ ಗಾಡಿ ಎಂದು ಅಷ್ಟೂ ವರ್ಷ ಕೇಳಿದ್ದ ನಾನು, ಗಾಡಿಗೆ ತಕ್ಕಂತೆ ಹೊಲವನ್ನು ಹಿಡಿದಿಡಲು ಹೊರಟವನನ್ನು ಅವತ್ತೇ ನೋಡಿದ್ದು. ನನ್ನ ಅಣ್ಣ ಮೋಸಗಾರನಲ್ಲ, ಪ್ರೀತಿಸುವುದು ಅವನಿಗೆ ಹಾಗೆ ಮಾತ್ರ ಗೊತ್ತಿತ್ತು. ನಾನು ಬಾಯಿ ಬಿಟ್ಟೆ.

"ಗಾಡಿ ಯಾಕ ಬೇಕಿತ್ತ ಅಣ್ಣಾ ಅದಕ್ಕ? ಏನ್ ಬಿತ್ತೂಣೋ ತಮ್ಮಾ ಅಂತ ಒಂದ ಸಲ ಅವನ್ನ ಕೇಳಿದ್ರ ಸಾಕಿತ್ತು. ಅಂವ ಅಷ್ಟ ಕಾಯಾಕತ್ತಿದ್ದ."

ಅಣ್ಣ ನನ್ನನ್ನೇ ನೋಡಿದ. ಇಷ್ಟು ಸಣ್ಣ ಸಾಮಾನು ಸಾಕಾಗುತ್ತಿತ್ತೇ ಎಂದು ನಂಬಿಕೆ ಬಾರದವನ ಹಾಗಿದ್ದ. ಗೋಡೆ ಎದ್ದಾಗಿತ್ತು, ಬದು ಬಿದ್ದಾಗಿತ್ತು, ತಮ್ಮನ ಮನೆಯ ಮಾಳಿಗೆಯ ಮೇಲೆ ಅವನದೇ ಮೆಣಸಿನಕಾಯಿ ಒಣಗಿ ಮಾರಿಯೂ ಆಗಿತ್ತು.

"ಈಗ ಹೋಗಿ ಕೇಳಲೇನವಾ?" ಅಂದ.

ನನ್ನ ಬಾಯಿ ಅವತ್ತೊಂದು ದಿನ ಏನೂ ಹೇಳಲಿಲ್ಲ. ಅವನ ಕೈ ಹಿಡಿದುಕೊಂಡು ಅಳುತ್ತ ಕೂತೆ.